ಹಣ್ಣು ಕುಯ್ದು ಪದ ಕಲಿಯಿರಿ: ಇಂಗ್ಲಿಷ್‌ನಲ್ಲಿ ವಿಜ್ಞಾನ ಓದುವ ಮಲೆನಾಡಿನ ಮಕ್ಕಳಿಗೆ ಕೆಲವು ಸೂತ್ರಗಳು

ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಜೂನ್ ಮಳೆಯಲ್ಲಿ ಮೂಡಿಗೆರೆಗೋ ಕಳಸಕ್ಕೋ ಚಿಕ್ಕಮಗಳೂರಿಗೋ ಬಂದು ಪಿಯು ವಿಜ್ಞಾನ ವಿಭಾಗಕ್ಕೆ ಸೇರುತ್ತಾರೆ. ಕೈಗೆ ಸಿಗುವುದು ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪುಸ್ತಕ. ನಿನ್ನೆಯವರೆಗೆ ಪರಾಗಸ್ಪರ್ಶ ಆಗಿದ್ದದ್ದು ಇವತ್ತು ಪಾಲಿನೇಶನ್. ಮನೆಯಲ್ಲಿ ತುಳುವನ್ನೋ ತಮಿಳನ್ನೋ ಬ್ಯಾರಿಯನ್ನೋ ಆಡುವ ಮಕ್ಕಳಿಗಂತೂ ಇದು ಮೂರನೆಯ ಭಾಷೆ. ಅಂಗಡಿಯಲ್ಲಿ ಸಿಗುವ ಗೈಡುಗಳ ಕೊನೆಯಲ್ಲಿ ಪದಾರ್ಥ ಪಟ್ಟಿ ಇರುತ್ತದೆ, ನಿಜ. ಆದರೆ ಅಲ್ಲಿ ಒಂದು ಕಷ್ಟದ ಪದಕ್ಕೆ ಕೊಟ್ಟ ಅರ್ಥವನ್ನು ತಿಳಿಯಲು ಇನ್ನೆರಡು ಪದಗಳ ಅರ್ಥ ಹುಡುಕಬೇಕು. ಅದಕ್ಕೇ ಪ್ರತಿ ವಿದ್ಯಾರ್ಥಿಯೂ ತನ್ನದೇ ಒಂದು ಪದಪುಸ್ತಕ ಕಟ್ಟಿಕೊಳ್ಳಬೇಕು ಎನ್ನುತ್ತೇನೆ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಹೇಗೆ ಕಟ್ಟಬೇಕು ಎನ್ನುವುದನ್ನು ಜೀವಶಾಸ್ತ್ರವನ್ನೇ ಹಿಡಿದು ಹೇಳುತ್ತೇನೆ, ಏಕೆಂದರೆ ಆ ವಿಷಯದ ಅರ್ಧ ಪ್ರಯೋಗಾಲಯ ನಿಮ್ಮ ಮನೆಯ ಹಿಂದಿನ ತೋಟದಲ್ಲೇ ಇದೆ.

1. ಮೊದಲು ವಸ್ತು, ಆಮೇಲೆ ಪದ

ಹಣ್ಣಿನ ಪಾಠದಲ್ಲಿ ಎಪಿಕಾರ್ಪ್, ಮೀಸೊಕಾರ್ಪ್, ಎಂಡೋಕಾರ್ಪ್ ಎಂಬ ಮೂರು ಪದ ಬರುತ್ತವೆ. ಬಾಯಿಪಾಠ ಮಾಡಬೇಡಿ. ಕೊಯ್ಲಿನ ಕಾಲದಲ್ಲಿ ಕೆಂಪಾದ ಒಂದು ಅರೇಬಿಕಾ ಹಣ್ಣನ್ನು ತೆಗೆದುಕೊಂಡು ಬ್ಲೇಡಿನಿಂದ ಅಡ್ಡಲಾಗಿ ಕುಯ್ಯಿರಿ. ಹೊರಗಿನ ಕೆಂಪು ಸಿಪ್ಪೆಯೇ ಎಪಿಕಾರ್ಪ್. ಅದರ ಕೆಳಗೆ, ಬಾಯಿಗಿಟ್ಟರೆ ಸಿಹಿಯಾಗಿರುವ ತಿರುಳು ಮೀಸೊಕಾರ್ಪ್. ಹಣ್ಣು ಹಿಚುಕಿದಾಗ ಬೀಜಕ್ಕೆ ಅಂಟಿ ಜಾರುವ ಲೋಳೆಯೂ ಅದರ ಒಳಭಾಗವೇ. ಲೋಳೆ ತೊಳೆದು ಒಂದೆರಡು ದಿನ ಒಣಗಿಸಿ. ಆಗ ಬೀಜದ ಸುತ್ತ ಗರಿಗರಿಯಾದ ಹಳದಿ ಹೊದಿಕೆಯೊಂದು ಕಾಣುತ್ತದೆ. ನಾವು ಪಾರ್ಚ್‌ಮೆಂಟ್ ಎನ್ನುವುದು ಇದಕ್ಕೇ. ಪುಸ್ತಕದಲ್ಲಿ ಇದರ ಹೆಸರು ಎಂಡೋಕಾರ್ಪ್. ಅದನ್ನು ಉಗುರಿನಿಂದ ಒಡೆದರೆ ಬೀಜದ ಮೇಲೆ ಬೆಳ್ಳಗಿನ ತೆಳು ಪೊರೆ ಇರುತ್ತದೆ, ಅದು ಸಿಲ್ವರ್ ಸ್ಕಿನ್. ಇಲ್ಲಿ ಒಂದು ಗಡಿ ದಾಟಿದಿರಿ. ಪಾರ್ಚ್‌ಮೆಂಟ್‌ವರೆಗಿನದು ಹಣ್ಣಿನ ಗೋಡೆ, ಸಿಲ್ವರ್ ಸ್ಕಿನ್ ಬೀಜದ ಸಿಪ್ಪೆ. ಅದರೊಳಗಿನ ಗಟ್ಟಿ ಭಾಗದ ಬಹುಪಾಲು ಎಂಡೋಸ್ಪರ್ಮ್, ಅಂದರೆ ಎಳೆಗಿಡಕ್ಕೆಂದು ಕೂಡಿಟ್ಟ ಆಹಾರ.

ಇಷ್ಟಾದ ಮೇಲೆ ನೋಟ್‌ಬುಕ್ ತೆರೆದು ಒಂದು ಪದಕ್ಕೆ ನಾಲ್ಕೇ ಸಾಲು ಬರೆಯಿರಿ:

ಪದ: ಎಂಡೋಕಾರ್ಪ್.
ನನ್ನ ಮಾತಲ್ಲಿ: ಬೀಜದ ಸುತ್ತ ಇರುವ, ಹಣ್ಣಿನ ಗೋಡೆಯ ಒಳಪದರ.
ಎಲ್ಲಿ ನೋಡಿದೆ: ಕಾಫಿಯ ಪಾರ್ಚ್‌ಮೆಂಟ್, ತೆಂಗಿನ ಚಿಪ್ಪು, ಮಾವಿನ ಓಟೆಯ ಗಟ್ಟಿ ಹೊರಭಾಗ.
ಯಾವುದು ಅಲ್ಲ: ಸಿಲ್ವರ್ ಸ್ಕಿನ್ ಅಲ್ಲ. ಅದು ಬೀಜದ್ದು, ಹಣ್ಣಿನದ್ದಲ್ಲ.

ಮೊದಲ ಸಾಲಿನ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು, ಪಕ್ಕದಲ್ಲಿ ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಹೆಚ್ಚಿನವರು ಮೂರನೆಯ ಸಾಲಿಗೇ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ನಾಲ್ಕನೆಯದೇ ಮುಖ್ಯ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಟ್ಟಾಗ ತಪ್ಪು ಉತ್ತರಗಳು ಯಾವಾಗಲೂ ಪಕ್ಕದ ಮನೆಯಿಂದಲೇ ಬಂದಿರುತ್ತವೆ.

ಕಾಫಿಯ ಉದಾಹರಣೆಗೂ ಒಂದು ಮಿತಿ ಇದೆ, ಅದನ್ನೂ ಬರೆದಿಡಿ. ಎಂಡೋಕಾರ್ಪ್ ಗಟ್ಟಿಯಾಗಿರುವ ಹಣ್ಣಿಗೆ ಡ್ರೂಪ್ ಎನ್ನುತ್ತಾರೆ, ಆ ಲೆಕ್ಕದಲ್ಲಿ ಕಾಫಿ ಹಣ್ಣೂ ಡ್ರೂಪ್. ಆದರೆ ನಿಮ್ಮ ಪಠ್ಯ ಡ್ರೂಪ್‌ಗೆ ಕೊಡುವ ಉದಾಹರಣೆ ಮಾವು ಮತ್ತು ತೆಂಗು. ಅವುಗಳ ಅಂಡಾಶಯ ಹೂವಿನಲ್ಲಿ ಮೇಲಿರುತ್ತದೆ, ಬೀಜ ಒಂದೇ ಎಂದೂ ಹೇಳುತ್ತದೆ. ಕಾಫಿಯಲ್ಲಿ ಸಾಮಾನ್ಯವಾಗಿ ಎರಡು ಬೀಜ, ಅಂಡಾಶಯವೂ ಕೆಳಗೆ. ಹಣ್ಣಿನ ತುದಿಯನ್ನು ನೋಡಿ, ಅಲ್ಲೊಂದು ಸಣ್ಣ ಉಂಗುರದಂಥ ಗುರುತು ಇರುತ್ತದೆ. ಹೂವು ಉದುರುವ ಮುಂಚೆ ಕೂತಿದ್ದ ಜಾಗ ಅದು. ಹೂವು ಹಣ್ಣಿನ ತಲೆಯ ಮೇಲೆ ಕೂತಿತ್ತೆಂದರೆ ಅಂಡಾಶಯ ಹೂವಿನ ಕೆಳಗಿತ್ತು ಎಂದಾಯಿತು. ಇದನ್ನೇ ಇನ್‌ಫೀರಿಯರ್ ಓವರಿ ಎನ್ನುವುದು. ಕಾಫಿ ನೋಡಿ ಪದ ಕಲಿಯಿರಿ, ಪರೀಕ್ಷೆಯಲ್ಲಿ ಡ್ರೂಪ್‌ಗೆ ಉದಾಹರಣೆ ಕೇಳಿದರೆ ಮಾವು ಎಂದೇ ಬರೆಯಿರಿ.

2. ತೋಟದ ಇಂಗ್ಲಿಷನ್ನು ಪುಸ್ತಕದ ಇಂಗ್ಲಿಷ್ ಎಂದು ನಂಬಬೇಡಿ

ಇಂಗ್ಲಿಷ್ ಬರುವುದಿಲ್ಲ ಎನ್ನುವ ನಮ್ಮ ಮಕ್ಕಳಿಗೆ ಎಷ್ಟೋ ಇಂಗ್ಲಿಷ್ ಪದ ಗೊತ್ತಿರುತ್ತವೆ. ಪಲ್ಪರ್, ಚೆರಿ, ಪಾರ್ಚ್‌ಮೆಂಟ್, ಬೆರಿ ಬೋರರ್, ಬ್ಲಾಸಂ ಮಳೆ ಎಲ್ಲ ಮನೆಮಾತೇ. ಇದು ದೊಡ್ಡ ಆಸ್ತಿ. ತೊಂದರೆ ಏನೆಂದರೆ ಇವು ವ್ಯಾಪಾರದ ಪದಗಳು, ಶಾಸ್ತ್ರದ ಪದಗಳಲ್ಲ.

ಚೆರಿ ಎಂದರೆ ಅಂಗಡಿಯ ಕೇಕಿನ ಮೇಲೆ ಇಡುವ ಒಂದು ಹಣ್ಣು. ನಮ್ಮ ಮಾರುಕಟ್ಟೆಯಲ್ಲಿ ಚೆರಿ ಎಂದರೆ ಪಲ್ಪರ್‌ಗೆ ಹಾಕದೆ ಇಡಿಯಾಗಿ ಕಣದಲ್ಲಿ ಒಣಗಿಸಿದ ಕಾಫಿ. ಬೆರಿ ಎಂದು ತೋಟದಲ್ಲಿ ಕರೆಯುವುದು ಕಾಫಿ ಹಣ್ಣನ್ನು, ಆದರೆ ಸಸ್ಯಶಾಸ್ತ್ರದ ಬೆರಿಯಲ್ಲಿ ಗಟ್ಟಿ ಎಂಡೋಕಾರ್ಪ್ ಇರುವುದಿಲ್ಲ, ಟೊಮೆಟೊ ಮತ್ತು ದ್ರಾಕ್ಷಿಯ ಹಾಗೆ ಒಳಗೆಲ್ಲ ಮೆತ್ತಗೆ. ಬೀನ್ ಎಂಬುದೂ ಹಾಗೆಯೇ. ಕಾಫಿ ಬೀನ್‌ಗೂ ಹುರುಳಿಕಾಯಿಯ ಕುಟುಂಬಕ್ಕೂ ಸಂಬಂಧವಿಲ್ಲ. ಕಾಫಿಯ ಕುಟುಂಬ ರೂಬಿಯೇಸಿ. ಇಂಥ ಪದ ಬಂದಾಗ ನಾಲ್ಕು ಸಾಲಿನ ಜೊತೆಗೆ ‘ಯಾರ ಮಾತು’ ಎಂಬ ಐದನೆಯ ಸಾಲು ಸೇರಿಸಿ: ತೋಟದ್ದೋ, ಮಾರುಕಟ್ಟೆಯದ್ದೋ, ಪುಸ್ತಕದ್ದೋ.

ಫರ್ಮೆಂಟೇಶನ್ ಎಂಬ ಪದವನ್ನೂ ಇಲ್ಲೇ ಹೇಳಬೇಕು. ಪಲ್ಪರ್ ಆದ ಅರೇಬಿಕಾವನ್ನು ತೊಟ್ಟಿಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬಿಡುತ್ತಾರಲ್ಲ, ಅದಕ್ಕೆ ತೋಟದವರು ಫರ್ಮೆಂಟೇಶನ್ ಎನ್ನುತ್ತಾರೆ. ಅಲ್ಲಿ ಮುಖ್ಯವಾಗಿ ನಡೆಯುವುದು ಲೋಳೆಯಲ್ಲಿರುವ ಪೆಕ್ಟಿನ್ ಒಡೆಯುವ ಕೆಲಸ. ಒಂದು ಹಿಡಿ ಬೀಜ ಎತ್ತಿ ಉಜ್ಜಿದಾಗ ಜಾರದೆ ಮರಳುಮರಳಾಗಿ ಸದ್ದು ಮಾಡಿದರೆ ತೊಳೆಯಲು ಸಿದ್ಧ ಎಂದು ಅರ್ಥ. ಪಠ್ಯದ ಫರ್ಮೆಂಟೇಶನ್ ಇದಕ್ಕಿಂತ ಕಿರಿದು: ಆಮ್ಲಜನಕ ಇಲ್ಲದೆ ಗ್ಲೂಕೋಸ್ ಅರ್ಧಂಬರ್ಧ ಒಡೆದು ಯೀಸ್ಟ್‌ನಲ್ಲಿ ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗುವುದು, ಇನ್ನು ಕೆಲವು ಜೀವಿಗಳಲ್ಲಿ ಲ್ಯಾಕ್ಟಿಕ್ ಆಮ್ಲ ಆಗುವುದು. ತೊಟ್ಟಿಯ ಹುಳಿ ವಾಸನೆ ಪದವನ್ನು ನೆನಪಿನಲ್ಲಿಡಲು ಸಹಾಯಕ್ಕೆ ಬರಲಿ, ವ್ಯಾಖ್ಯೆ ಮಾತ್ರ ಪುಸ್ತಕದ್ದೇ ಇರಲಿ.

3. ಕನ್ನಡ ಪದವನ್ನೂ ಅನುಮಾನಿಸಿ

ಇಂಗ್ಲಿಷ್ ಪದಕ್ಕೆ ಎದುರಾಗಿ ಒಂದು ಕನ್ನಡ ಪದ ಬರೆದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಎರಡು ಪದಗಳನ್ನು ನೋಡಿ.

ಮೊದಲನೆಯದು ಕಸಿ. ಮರಗಸಿ ಎಂದರೆ ನಮ್ಮಲ್ಲಿ ನೆರಳು ಮರದ ಕೊಂಬೆ ಕಡಿಯುವುದು. ಗಿಡ ಕಸಿ ಎಂದರೆ ಕಾಫಿ ಗಿಡದ ಬೇಡದ ರೆಕ್ಕೆ ತೆಗೆಯುವುದು. ಇಂಗ್ಲಿಷ್‌ನಲ್ಲಿ ಇದು ಪ್ರೂನಿಂಗ್. ಶಾಲೆಯ ಪುಸ್ತಕದಲ್ಲಿ ಕಸಿ ಎಂದರೆ ಒಂದು ಗಿಡದ ಕೊಂಬೆಯನ್ನು ಇನ್ನೊಂದು ಗಿಡದ ಬುಡಕ್ಕೆ ಕೂಡಿಸುವುದು, ಅಂದರೆ ಗ್ರಾಫ್ಟಿಂಗ್. ಒಂದು ಕಡಿಯುವ ಕೆಲಸ, ಇನ್ನೊಂದು ಕೂಡಿಸುವ ಕೆಲಸ. ಗ್ರಾಫ್ಟಿಂಗ್ ಎದುರು ಬರೀ ‘ಕಸಿ’ ಎಂದು ಬರೆದುಕೊಂಡ ತೋಟದ ಮನೆಯ ಮಗು ಪರೀಕ್ಷೆಯಲ್ಲಿ ಕತ್ತಿ ಹಿಡಿದ ಅಪ್ಪನನ್ನು ನೆನೆಸಿಕೊಂಡು ಪ್ರೂನಿಂಗ್ ಬಗ್ಗೆ ಬರೆದುಬಿಡುತ್ತದೆ. ‘ಕಸಿ ಕಟ್ಟುವುದು’ ಮತ್ತು ‘ಗಿಡ ಕಸಿ ಮಾಡುವುದು’ ಎಂದು ಬೇರೆ ಬೇರೆಯಾಗಿ ಬರೆಯಿರಿ.

ಎರಡನೆಯದು ಕೊಳೆರೋಗ. ಕಳಸದ ಕಡೆ ಒಂದೇ ಮನೆಗೆ ಅಡಿಕೆಯೂ ಇರುತ್ತದೆ, ಕಾಫಿಯೂ ಇರುತ್ತದೆ. ಎರಡಕ್ಕೂ ಮಳೆಗಾಲದಲ್ಲಿ ಕೊಳೆ ಬರುತ್ತದೆ. ಅಡಿಕೆಯ ಕೊಳೆಗೆ ಕಾರಣ ಫೈಟಾಫ್ತೊರಾ. ಎಳೆಕಾಯಿಗಳ ಮೇಲೆ ನೀರು ಕುಡಿದಂಥ ಮಚ್ಚೆ ಮೂಡಿ, ಕಾಯಿ ಉದುರಿ, ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅದರ ಬಗ್ಗೆ 1910ರಲ್ಲೇ ವರದಿ ಪ್ರಕಟಿಸಿದ್ದರು. ಇಂದಿನ ವರ್ಗೀಕರಣದಲ್ಲಿ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೂ ಅಲ್ಲ. ಕಾಫಿಯ ಕೊಳೆ ಬೇರೆಯೇ ಒಂದು ಶಿಲೀಂಧ್ರದ ಕೆಲಸ, ಇಂಗ್ಲಿಷ್‌ನಲ್ಲಿ ಅದು ಬ್ಲ್ಯಾಕ್ ರಾಟ್. ಗುರುತು ಹಿಡಿಯುವುದು ಸುಲಭ. ಕಪ್ಪಾಗಿ ಕೊಳೆತ ಎಲೆ ಕೊಂಬೆಯಿಂದ ಕಳಚಿಕೊಂಡರೂ ನೆಲಕ್ಕೆ ಬೀಳದೆ, ಶಿಲೀಂಧ್ರದ ಎಳೆಗೆ ಅಂಟಿಕೊಂಡು ನೇತಾಡುತ್ತದೆ. ಈ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಹೆಸರಿಡುವಾಗ ನಮ್ಮ ಕೊಳೆರೋಗ ಎಂಬ ಪದವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿಕೊಂಡ. ಪದ ನಮ್ಮದೇ ಆದರೂ ಎರಡು ರೋಗಕ್ಕೆ ಎರಡು ಪುಟ ಬೇಕು. ಪದಪುಸ್ತಕದಲ್ಲಿ ‘ಕೊಳೆ, ಅಡಿಕೆ’ ಮತ್ತು ‘ಕೊಳೆ, ಕಾಫಿ’ ಎಂದು ಬೆಳೆಯ ಹೆಸರನ್ನು ಸೇರಿಸಿಯೇ ಬರೆಯಿರಿ.

4. ಪದದ ತುಂಡುಗಳನ್ನು ಕೂಡಿಟ್ಟುಕೊಳ್ಳಿ

ಎಪಿ ಎಂದರೆ ಮೇಲೆ, ಮೀಸೊ ಎಂದರೆ ನಡುವೆ, ಎಂಡೋ ಎಂದರೆ ಒಳಗೆ, ಪೆರಿ ಎಂದರೆ ಸುತ್ತ, ಹೈಪೊ ಎಂದರೆ ಕೆಳಗೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ಐದನ್ನು ಬರೆದು, ಪಾಠ ಮುಂದುವರಿದಂತೆ ಪ್ರತಿಯೊಂದರ ಕೆಳಗೆ ಹೊಸ ಪದ ಸೇರಿಸುತ್ತ ಹೋಗಿ. ಎಪಿ ಕೆಳಗೆ ಎಪಿಕಾರ್ಪ್ ಆದ ಮೇಲೆ ಎಪಿಡರ್ಮಿಸ್ ಬರುತ್ತದೆ. ಎಂಡೋ ಕೆಳಗೆ ಎಂಡೋಸ್ಪರ್ಮ್, ಎಂಡೋಡರ್ಮಿಸ್. ಪೆರಿ ಕೆಳಗೆ ಪೆರಿಕಾರ್ಪ್, ಪ್ರಾಣಿಶಾಸ್ತ್ರಕ್ಕೆ ಹೋದಾಗ ಹೃದಯದ ಸುತ್ತಲಿನ ಪೆರಿಕಾರ್ಡಿಯಂ. ಮೂರು ತಿಂಗಳಾದ ಮೇಲೆ ಹೊಸ ಪದವೊಂದರ ಅರ್ಧ ಅರ್ಥ ನೋಡಿದ ತಕ್ಷಣ ಸಿಗಲು ಶುರುವಾಗುತ್ತದೆ. ಪೂರ್ತಿ ಅರ್ಥ ತುಂಡುಗಳಿಂದ ಸಿಗುವುದಿಲ್ಲ, ಉಳಿದರ್ಧಕ್ಕೆ ಚಿತ್ರ ನೋಡಲೇಬೇಕು.

5. ಪ್ರಾಣಿಗಳ ಹೆಸರನ್ನು ಊರಿನ ಹೆಸರಿಗೆ ಕಟ್ಟಿ

ಅನಿಮಲ್ ಕಿಂಗ್‌ಡಮ್ ಪಾಠದ ಲ್ಯಾಟಿನ್ ಹೆಸರುಗಳು ಮಕ್ಕಳನ್ನು ಹೆದರಿಸುತ್ತವೆ. ಕ್ಯಾಲೋಟಿಸ್ ಎಂದರೆ ಬೇಲಿಯ ಮೇಲಿನ ಓತಿಕ್ಯಾತ. ಹೆಮಿಡ್ಯಾಕ್ಟೈಲಸ್ ಗೋಡೆಯ ಹಲ್ಲಿ. ನಾಜಾ ನಾಗರಹಾವು, ಬಂಗಾರಸ್ ಕಟ್ಟುಹಾವು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ‘ಕರ್ವಾಲೊ’ ಬರೆದದ್ದು ಇದೇ ಕಾಡುಗಳ ನಡುವೆ. ಪಾಠಕ್ಕೆ ಮೊದಲು ಅದನ್ನು ಓದಿದ ಮಕ್ಕಳಿಗೆ ಸರೀಸೃಪಗಳ ಪುಟ ಅಪರಿಚಿತ ಅನ್ನಿಸುವುದಿಲ್ಲ.

6. ಸಣ್ಣ ಪದಗಳಿಗೂ ಒಂದು ಪುಟ ಕೊಡಿ

ದೊಡ್ಡ ಪದ ಕಂಡರೆ ಎಚ್ಚರವಾಗುತ್ತೇವೆ. ಅಂಕ ಹೋಗುವುದು ಸಣ್ಣ ಪದಗಳಲ್ಲಿ. ‘ಅರೇಬಿಕಾ ಅಂಡ್ ರೊಬಸ್ಟಾ ಹ್ಯಾವ್ 44 ಅಂಡ್ 22 ಕ್ರೋಮೊಸೋಮ್ಸ್ ರೆಸ್ಪೆಕ್ಟಿವ್ಲಿ’ ಎಂಬ ವಾಕ್ಯ ತೆಗೆದುಕೊಳ್ಳಿ. ಕ್ರೋಮೊಸೋಮ್ ಎಲ್ಲರಿಗೂ ಗೊತ್ತು. ವಾಕ್ಯದ ಬೀಗ ಇರುವುದು ಕೊನೆಯ ಪದದಲ್ಲಿ. ರೆಸ್ಪೆಕ್ಟಿವ್ಲಿ ಎಂದರೆ ‘ಹೇಳಿದ ಕ್ರಮದಲ್ಲೇ’: ಮೊದಲು ಹೇಳಿದ ಅರೇಬಿಕಾಕ್ಕೆ 44, ಆಮೇಲೆ ಹೇಳಿದ ರೊಬಸ್ಟಾಕ್ಕೆ 22. ಇದನ್ನು ಗೌರವಕ್ಕೆ ಸಂಬಂಧಿಸಿದ ಪದ ಎಂದುಕೊಂಡು ಬಿಟ್ಟುಬಿಡುವ ಮಕ್ಕಳನ್ನು ನೋಡಿದ್ದೇನೆ. ಕ್ರಮ ಹಿಡಿದರೆ ಮುಂದಿನ ಲೆಕ್ಕವೂ ಸಲೀಸು. ಪರಾಗದ ಕಣದಲ್ಲಿ ಅರ್ಧ ಇರಬೇಕಾದ್ದರಿಂದ ಅರೇಬಿಕಾದ ಪರಾಗದಲ್ಲಿ 22, ರೊಬಸ್ಟಾದ ಪರಾಗದಲ್ಲಿ 11.

ಹೀಗೇ ಎಕ್ಸೆಪ್ಟ್ ಎಂದರೆ ‘ಇದೊಂದನ್ನು ಬಿಟ್ಟು’. ಆ ಪದ ಇರುವ ಪ್ರಶ್ನೆಯಲ್ಲಿ ಮೂರು ಉತ್ತರ ಸರಿ ಇರುತ್ತವೆ, ನೀವು ಹುಡುಕಬೇಕಾದದ್ದು ಸರಿಯಿಲ್ಲದ್ದನ್ನು. ವೇರ್‌ಆ್ಯಸ್ ಎಂದರೆ ‘ಆದರೆ ಇದು ಹಾಗಲ್ಲ’. ಅನ್‌ಲೆಸ್ ಎಂದರೆ ‘ಆಗದ ಹೊರತು’: ಬ್ಲಾಸಂ ಮಳೆ ಬೀಳದ ಹೊರತು ಮೊಗ್ಗು ಅರಳುವುದಿಲ್ಲ, ನೀರಾವರಿ ಇರುವ ತೋಟದ ಮಾತು ಬೇರೆ. ಅಟ್ ಲೀಸ್ಟ್, ಅಟ್ ಮೋಸ್ಟ್ ಎಂಬೆರಡನ್ನು ಅಕ್ಕಪಕ್ಕ ಬರೆದು ‘ಕಡಿಮೆ ಎಂದರೂ’, ‘ಹೆಚ್ಚೆಂದರೆ’ ಎಂದು ಗುರುತು ಹಾಕಿ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಈ ಪದಗಳ ಕೆಳಗೆ ಮೊದಲು ಪೆನ್ಸಿಲ್ ಗೆರೆ ಎಳೆಯಿರಿ, ಆಮೇಲೆ ಉತ್ತರ ಯೋಚಿಸಿ.

7. ಪ್ರಶ್ನೆ ಏನು ಮಾಡಲು ಹೇಳುತ್ತಿದೆ ಎಂದು ತಿಳಿಯಿರಿ

ಡಿಫೈನ್, ಮೆನ್ಶನ್, ಎಕ್ಸ್‌ಪ್ಲೇನ್, ಗಿವ್ ರೀಸನ್, ಡಿಸ್ಟಿಂಗ್ವಿಶ್. ಈ ಐದು ಪದಗಳಿಗೆ ಪದಪುಸ್ತಕದ ಮೊದಲ ಪುಟ ಮೀಸಲಿಡಿ. ಒಂದೇ ವಿಷಯವನ್ನು ಹಿಡಿದು ಇವು ಹೇಗೆ ಬೇರೆಯಾಗುತ್ತವೆ ಎಂದು ತೋರಿಸುತ್ತೇನೆ. ವಿಷಯ ಏಪಿಕಲ್ ಡಾಮಿನೆನ್ಸ್, ಅಂದರೆ ತುದಿಮೊಗ್ಗಿನ ಯಜಮಾನಿಕೆ.

ತೋಟದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅರೇಬಿಕಾ ಗಿಡ ಸುಮಾರು ಎರಡೂವರೆ ಅಡಿ ಬಂದಾಗ ತುದಿ ತೆಗೆಯುತ್ತಾರೆ. ಕೆಲವು ವಾರಗಳಲ್ಲಿ ಕಾಂಡದ ಮೇಲೆ, ಅದುವರೆಗೆ ಸುಮ್ಮನಿದ್ದ ಜಾಗಗಳಿಂದ, ನೇರವಾಗಿ ಮೇಲಕ್ಕೆ ಹೋಗುವ ಚಿಗುರುಗಳು ಏಳುತ್ತವೆ. ಚಿಗುರು ತೆಗೆಯುವ ಕೆಲಸಕ್ಕೆ ಆಳು ಹುಡುಕುವುದು ಆಗಲೇ.

ಡಿಫೈನ್ ಎಂದು ಕೇಳಿದರೆ ಒಂದೇ ವಾಕ್ಯ: ಬೆಳೆಯುತ್ತಿರುವ ತುದಿಮೊಗ್ಗು ಪಕ್ಕದ ಮೊಗ್ಗುಗಳ ಬೆಳವಣಿಗೆಯನ್ನು ತಡೆಯುವುದು. ಉದಾಹರಣೆ ಬೇಡ, ಕಾರಣ ಬೇಡ. ಮೆನ್ಶನ್ ಎಂದರೆ ಹೆಸರಷ್ಟೇ. ಇದಕ್ಕೆ ಕಾರಣವಾದ ಹಾರ್ಮೋನ್ ಯಾವುದು ಎಂದರೆ ‘ಆಕ್ಸಿನ್’ ಎಂದು ಬರೆದು ಮುಂದೆ ಹೋಗಿ, ಅಲ್ಲಿ ಅರ್ಧ ಪುಟ ಬರೆದರೂ ಸಿಗುವುದು ಅಷ್ಟೇ ಅಂಕ. ಎಕ್ಸ್‌ಪ್ಲೇನ್ ಎಂದರೆ ಹೇಗೆ ನಡೆಯುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ: ತುದಿಯಲ್ಲಿ ಆಕ್ಸಿನ್ ತಯಾರಾಗುತ್ತದೆ, ಕೆಳಗೆ ಇಳಿಯುತ್ತದೆ, ಪಕ್ಕದ ಮೊಗ್ಗುಗಳು ತಡೆಗೆ ಒಳಗಾಗುತ್ತವೆ, ತುದಿ ಕತ್ತರಿಸಿದರೆ ತಡೆ ತಪ್ಪುತ್ತದೆ. ಗಿವ್ ರೀಸನ್ ಎಂದರೆ ಪ್ರಶ್ನೆಯಲ್ಲಿ ಪರಿಣಾಮವನ್ನು ಅವರೇ ಕೊಟ್ಟಿರುತ್ತಾರೆ, ನೀವು ಕಾರಣವನ್ನಷ್ಟೇ ಕೊಡಬೇಕು. ‘ತುದಿ ಚಿವುಟಿದ ಬೇಲಿ ಗಿಡ ಒತ್ತಾಗಿ ಬೆಳೆಯುತ್ತದೆ, ಕಾರಣ ಕೊಡಿ’ ಎಂದಾಗ ‘ಹೌದು, ಒತ್ತಾಗಿ ಬೆಳೆಯುತ್ತದೆ’ ಎಂದು ಪ್ರಶ್ನೆಯನ್ನೇ ಉತ್ತರವಾಗಿ ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ವಾಕ್ಯ ‘ಏಕೆಂದರೆ’ಯಿಂದ ಶುರುವಾಗಲಿ.

ಡಿಸ್ಟಿಂಗ್ವಿಶ್‌ನಲ್ಲಿ ನಡುವೆ ಗೆರೆ ಎಳೆದು ಎರಡೂ ಕಡೆ ಒಂದೇ ಸಂಗತಿಯ ಬಗ್ಗೆ ಬರೆಯಬೇಕು. ಎಡಗಡೆ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು ಎಂದು ಬರೆದರೆ ಬಲಗಡೆ ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು ಎಂದೇ ಬರಬೇಕು. ಎಡಗಡೆ ಪರಾಗ, ಬಲಗಡೆ ಎಲೆಯ ಅಗಲ ಎಂದು ಬರೆದರೆ ಎರಡೂ ಮಾತು ನಿಜವಿದ್ದರೂ ಅದು ವ್ಯತ್ಯಾಸವಾಗುವುದಿಲ್ಲ, ಅಂಕವೂ ಬರುವುದಿಲ್ಲ.

8. ದಿನಕ್ಕೆ ನಾಲ್ಕೈದು ಪದ, ವಾರಕ್ಕೊಮ್ಮೆ ಹಿಂದಿನಿಂದ ಪರೀಕ್ಷೆ

ಒಂದೇ ರಾತ್ರಿ ನಲವತ್ತು ಪದ ಬರೆದಿಟ್ಟರೆ ಅವು ನೋಟ್‌ಬುಕ್ಕಿನಲ್ಲೇ ಉಳಿಯುತ್ತವೆ. ಅವತ್ತಿನ ಪಾಠದಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ ನಾಲ್ಕೈದು ಪದ ಸಾಕು. ಭಾನುವಾರ ಮೊದಲ ಸಾಲನ್ನು ಕೈಯಿಂದ ಮುಚ್ಚಿ, ಉಳಿದ ಸಾಲು ಓದಿ ಇಂಗ್ಲಿಷ್ ಪದ ನೆನಪಿಸಿಕೊಂಡು ಕಾಗುಣಿತ ತಪ್ಪದೆ ಬರೆಯಿರಿ. ಪದ ನೋಡಿ ಅರ್ಥ ಹೇಳುವುದು ಸುಲಭ. ಪರೀಕ್ಷೆಯಲ್ಲಿ ಬೇಕಾಗುವುದು ಅರ್ಥದಿಂದ ಪದಕ್ಕೆ ಬರುವ ದಾರಿ.

ಪದ ನಿಜಕ್ಕೂ ಬಂದಿದೆಯೋ ಬರೀ ಬಾಯಿಗೆ ಬಂದಿದೆಯೋ ತಿಳಿಯುವ ಬಗೆಯೊಂದಿದೆ. ಮನೆಯಲ್ಲಿ ಯಾರಾದರೂ ಒಬ್ಬರಿಗೆ, ಮನೆಮಾತು ತುಳುವಾದರೆ ತುಳುವಿನಲ್ಲೇ, ಆ ಪದವನ್ನು ಬಳಸದೆ ವಿಷಯ ಹೇಳಿ. ಕಣದಲ್ಲಿ ಪಾರ್ಚ್‌ಮೆಂಟ್ ಹರಡುವ ಅಮ್ಮನಿಗೆ ಎಂಡೋಕಾರ್ಪ್ ಎಂದರೇನು ಎಂದು ಎರಡು ಮಾತಲ್ಲಿ ಹೇಳಿದಾಗ ಅವರು ‘ಹಾಗಾದರೆ ಕಾಳುಮೆಣಸಿನಲ್ಲಿ ಅದು ಯಾವುದು?’ ಎಂದು ಮರುಪ್ರಶ್ನೆ ಹಾಕಿದರೆ ನಿಮ್ಮ ಮಾತು ಅವರಿಗೆ ಮುಟ್ಟಿದೆ. ಆ ಪ್ರಶ್ನೆಗೆ ಉತ್ತರ ಹುಡುಕಿ: ಕಾಳುಮೆಣಸೂ ಡ್ರೂಪ್ ಜಾತಿಯದ್ದೇ. ಹಣ್ಣಾದ ಮೆಣಸನ್ನು ನೀರಲ್ಲಿ ನೆನೆಸಿ ಸಿಪ್ಪೆ ತಿರುಳು ಉಜ್ಜಿ ತೆಗೆದರೆ ಬಿಳಿಮೆಣಸು ಉಳಿಯುತ್ತದೆ. ಹೋದದ್ದು ಯಾವ ಪದರ, ಉಳಿದದ್ದು ಯಾವುದು ಎಂದು ನಾಲ್ಕನೆಯ ಸಾಲಿನ ಕೆಳಗೆ ಬರೆಯಿರಿ.

ಮೂರು ಭಾನುವಾರ ಸತತವಾಗಿ ತಪ್ಪಿಲ್ಲದೆ ಬಂದ ಪದಕ್ಕೆ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ. ಎರಡು ಸಲ ತಪ್ಪಿದ ಪದವನ್ನು ಮತ್ತೆ ಮತ್ತೆ ಓದುತ್ತ ಕೂರಬೇಡಿ. ಅದರ ಮೂರನೆಯ ಸಾಲು ಬಹುಶಃ ಪುಸ್ತಕದಿಂದ ನಕಲು ಮಾಡಿದ್ದು. ಅದನ್ನು ಹೊಡೆದುಹಾಕಿ, ತೋಟಕ್ಕೋ ಅಡುಗೆಮನೆಗೋ ಹೋಗಿ, ಕಣ್ಣಿಗೆ ಕಂಡ ಇನ್ನೊಂದು ಉದಾಹರಣೆ ತಂದು ಬರೆಯಿರಿ.